ಎಂಟು ಆಳು, ನಾಲ್ಕು ಗಂಟೆ

ಗೌರಿ ಗಣೇಶನ ಹಬ್ಬ ಕಳೆಯಿತೆಂದರೆ ಗುಬ್ಬಿ ತಾಲ್ಲೂಕಿನ ತೋಟಗಳಲ್ಲಿ ಅಡಿಕೆ ಕೊಯ್ಲು ಕಾವೇರುತ್ತದೆ. ಇಲ್ಲಿಯ ಕೆಂಪಡಿಕೆ ಆಗಬೇಕಾದರೆ ಕಾಯಿ ಹಣ್ಣಾಗುವ ಮೊದಲೇ ಗೊನೆ ಇಳಿಸಬೇಕು, ಸುಲಿಯಬೇಕು, ಚೊಗರಿನಲ್ಲಿ ಬೇಯಿಸಬೇಕು, ಬಿಸಿಲಿಗೆ ಹರವಬೇಕು. ಇಳಿಸಿದ ಕಾಯಿಯನ್ನು ರಾಶಿ ಹಾಕಿ ಮೂರು ದಿನ ಬಿಟ್ಟರೆ ಸಿಪ್ಪೆ ಬಾಡುತ್ತದೆ, ಬಣ್ಣವೂ ಕೆಡುತ್ತದೆ. ಹಾಗಾಗಿ ಇವತ್ತು ಇಳಿಸಿದ್ದನ್ನು ಇವತ್ತೋ ನಾಳೆಯೋ ಸುಲಿದು ಮುಗಿಸಲೇಬೇಕು. ತೋಟವನ್ನು ಚೇಣಿಗೆ ಹಿಡಿದವನಿಗೆ ಸುಗ್ಗಿಯ ಪ್ರತಿ ಬೆಳಗ್ಗೆಯೂ ಎದುರಾಗುವ ಪ್ರಶ್ನೆ ಒಂದೇ: ಎಷ್ಟು ಆಳು ಕರೆಸಲಿ, ಮಷೀನನ್ನು ಎಷ್ಟು ಹೊತ್ತು ಓಡಿಸಲಿ?

ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ದೊಡ್ಡ ಹೆಸರಿದೆ. ಉತ್ಪನ್ನದ ಪ್ರಮಾಣವನ್ನು ಮೊದಲೇ ಕಟ್ಟಿಹಾಕಿಕೊಂಡು, ಎರಡು ಹೂಡುವಳಿಗಳ ವೆಚ್ಚವನ್ನು ಕನಿಷ್ಠಕ್ಕೆ ಇಳಿಸುವ ಲೆಕ್ಕ ಅದು. ಅರ್ಥಶಾಸ್ತ್ರ ಓದಿದವರಿಗೆ ಅದರ ಚಿತ್ರ ನೆನಪಿರುತ್ತದೆ. ಮೂಲದ ಕಡೆಗೆ ಬಾಗಿದ ಒಂದು ಸಮೋತ್ಪನ್ನ ರೇಖೆ, ಅದನ್ನು ಒಂದೇ ಕಡೆ ಸವರಿಕೊಂಡು ಹೋಗುವ ಒಂದು ನೇರ ಸಮವೆಚ್ಚ ರೇಖೆ, ಸ್ಪರ್ಶಬಿಂದುವಿನಿಂದ ಎರಡು ಅಕ್ಷಗಳಿಗೆ ಇಳಿಬಿಟ್ಟ ಚುಕ್ಕೆ ಗೆರೆಗಳು. ಪರೀಕ್ಷೆಯಲ್ಲಿ ಅಂಕ ಸಿಗುವುದು ಗೆರೆ ನೀಟಾಗಿದ್ದರೆ. ಆದರೆ ಆ ರೇಖೆ ಬಾಗುವುದೇಕೆ, ನೇರ ರೇಖೆಯ ಓಟವನ್ನು ಯಾರು ನಿರ್ಧರಿಸುತ್ತಾರೆ, ಎರಡೂ ಒಂದನ್ನೊಂದು ಸವರದೆ ಮೂಲೆಯಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದನ್ನು ಅಡಿಕೆ ಸುಲಿಯುವ ಚಪ್ಪರದಲ್ಲಿ ನಿಂತು ನೋಡಿದರೆ ಹೆಚ್ಚು ತಿಳಿಯುತ್ತದೆ.

ಗುಬ್ಬಿಗೆ ಅಡಿಕೆಯ ಲೆಕ್ಕ ಹೊಸದಲ್ಲ. ಮಲೆನಾಡಿನ ಅಡಿಕೆ ಪೂರ್ವದ ಪೇಟೆಗಳಿಗೆ ಇಳಿಯುವ ಹಾದಿಯಲ್ಲಿ ಇದು ನಡುವಿನ ಮಾರುಕಟ್ಟೆಯಾಗಿತ್ತು. ಬ್ರಿಟಿಷರ ಕಾಲದ ಗೆಜೆಟಿಯರ್ ಕೂಡ ಊರನ್ನು ಗುರುತಿಸಿದ್ದು ಅಡಿಕೆ ವ್ಯಾಪಾರದಿಂದಲೇ. ಆಗ ಸುಲಿಯುವ ಕೆಲಸಕ್ಕೆ ಇದ್ದ ದಾರಿ ಒಂದೇ. ಮೆಟ್ಟುಗತ್ತಿಯ ಮುಂದೆ ಕುಳಿತು ಕಾಯಿಯನ್ನು ಒಂದೊಂದಾಗಿ ಕತ್ತಿಗೆ ಒತ್ತಿ ಸಿಪ್ಪೆ ಬಿಡಿಸುವುದು. ಈ ಕೆಲಸ ಬಹುಪಾಲು ಹೆಂಗಸರದು. ದೀಪ ಹಾಕಿಕೊಂಡು ರಾತ್ರಿಯವರೆಗೂ ನಡೆಯುತ್ತದೆ, ಕೂಲಿ ಸುಲಿದಷ್ಟಕ್ಕೆ. ದಾರಿ ಒಂದೇ ಆಗಿದ್ದಾಗ ಲೆಕ್ಕವೂ ಸುಲಭ. ಕಾಯಿ ಇಷ್ಟು, ಆಳು ಇಷ್ಟು, ಮುಗಿಯಿತು. ಸುಲಿಯುವ ಯಂತ್ರ ಬಂದ ಮೇಲೆ ಎರಡು ಅಕ್ಷದ ಚಿತ್ರಕ್ಕೆ ಅರ್ಥ ಬಂತು.

ಲೆಕ್ಕ ಹಿಡಿಯಲು ಒಂದು ಚಪ್ಪರವನ್ನು ಕಲ್ಪಿಸಿಕೊಳ್ಳಬೇಕು. ಮುಂದೆ ಬರುವ ಸಂಖ್ಯೆಗಳು ಯಾವುದೇ ಸಮೀಕ್ಷೆಯವಲ್ಲ, ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು. ದಿನಕ್ಕೆ 10 ಕ್ವಿಂಟಲ್ ಹಸಿ ಅಡಿಕೆ ಸುಲಿದು ಮುಗಿಸಬೇಕು. ಕೈಯಲ್ಲೇ ಸುಲಿಸಿದರೆ ಒಬ್ಬರಿಗೆ ದಿನಕ್ಕೆ 50 ಕೆಜಿಯಂತೆ 20 ಆಳು ಬೇಕು. ಯಂತ್ರವನ್ನು 2 ಗಂಟೆ ಓಡಿಸಿದರೆ 13 ಆಳು ಸಾಕು. 4 ಗಂಟೆ ಓಡಿಸಿದರೆ 8, 6 ಗಂಟೆಗೆ 5, 8 ಗಂಟೆಗೆ 4. ಯಂತ್ರಕ್ಕೆ ಕಾಯಿ ತುಂಬುವವರು, ಸುಲಿಯದೆ ಉಳಿದದ್ದನ್ನು ಆರಿಸಿ ಕೈಯಲ್ಲಿ ಮುಗಿಸುವವರು ಎಲ್ಲರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಈ ಐದು ಜೋಡಿಗಳನ್ನು ಚಿತ್ರದಲ್ಲಿ ಗುರುತು ಮಾಡಿ ಗೆರೆ ಎಳೆದರೆ ಅದೇ 10 ಕ್ವಿಂಟಲಿನ ಸಮೋತ್ಪನ್ನ ರೇಖೆ. ಅದರ ಮೇಲೆ ಎಲ್ಲಿ ನಿಂತರೂ ಸಂಜೆಗೆ ಸಿಗುವುದು ಅಷ್ಟೇ ಅಡಿಕೆ.

ರೇಖೆ ಬಾಗಿರುವುದನ್ನು ಗಮನಿಸಬೇಕು. ಮೊದಲ ಎರಡು ಗಂಟೆ ಯಂತ್ರ ಓಡಿದಾಗ 7 ಆಳಿನ ಕೆಲಸ ಉಳಿಯಿತು, ಆಮೇಲಿನ ಎರಡು ಗಂಟೆಗೆ 5, ನಂತರ 3, ಕೊನೆಗೆ 1. ಗಂಟೆಯ ಲೆಕ್ಕದಲ್ಲಿ ಹೇಳಿದರೆ ಮೂರೂವರೆ, ಎರಡೂವರೆ, ಒಂದೂವರೆ, ಅರ್ಧ. ಪುಸ್ತಕದಲ್ಲಿ ಸೀಮಾಂತ ತಾಂತ್ರಿಕ ಬದಲಿ ದರ ಇಳಿಮುಖವಾಗಿರುತ್ತದೆ ಎಂದು ಒಂದು ನಿಯಮದ ಹಾಗೆ ಬರೆದಿರುತ್ತಾರೆ. ಚಪ್ಪರದಲ್ಲಿ ಅದಕ್ಕೆ ಕಣ್ಣಿಗೆ ಕಾಣುವ ಕಾರಣವಿದೆ. ಒಂದೇ ತೋಟದ ಕಾಯಿಗಳೂ ಒಂದೇ ಗಾತ್ರದವಲ್ಲ. ಯಂತ್ರದ ಬ್ಲೇಡಿನ ಸಂದು ಒಂದು ಗಾತ್ರಕ್ಕೆ ಹೊಂದಿಸಿದ್ದು. ನಡುಗಾತ್ರದ ಕಾಯಿ ಅದರಲ್ಲಿ ಚೆನ್ನಾಗಿ ಸುಲಿಯುತ್ತದೆ, ತೀರ ಸಣ್ಣದು ಸಿಪ್ಪೆಯೊಂದಿಗೇ ಜಾರಿಹೋಗುತ್ತದೆ, ದಪ್ಪದ್ದಕ್ಕೆ ಗಾಯವಾಗುತ್ತದೆ. ಬುದ್ಧಿವಂತ ಚೇಣಿದಾರ ಯಂತ್ರಕ್ಕೆ ಮೊದಲು ಕೊಡುವುದು ನಡುಗಾತ್ರದ್ದನ್ನೇ. ಗಂಟೆ ಹೆಚ್ಚಿದಂತೆ ಯಂತ್ರಕ್ಕೆ ಹೊಂದದ ಕಾಯಿಯನ್ನೂ ಅದಕ್ಕೇ ಸುರಿಯಬೇಕಾಗುತ್ತದೆ, ಹೊರಬಂದದ್ದನ್ನು ಮತ್ತೆ ಕೈಯಲ್ಲಿ ತಿದ್ದಬೇಕಾಗುತ್ತದೆ. ರೇಖೆ ಬಾಗುವುದು ಅದಕ್ಕೇ.

ಇನ್ನು ಸಮವೆಚ್ಚ ರೇಖೆ. ಸುಲಿದಷ್ಟಕ್ಕೆ ಕೊಡುವ ಕೂಲಿಯನ್ನು ದಿನದ ಲೆಕ್ಕಕ್ಕೆ ತಂದು ಆಳಿಗೆ 500 ರೂಪಾಯಿ, ಯಂತ್ರಕ್ಕೆ ಗಂಟೆಗೆ 900 ರೂಪಾಯಿ ಬಾಡಿಗೆ ಎಂದಿಟ್ಟುಕೊಂಡರೆ ಒಂದು ಗಂಟೆಯ ಯಂತ್ರದ ಬೆಲೆ 1.8 ಆಳಿಗೆ ಸಮ. ಇದೇ ನೇರ ರೇಖೆಯ ಓಟ. ಒಟ್ಟು ಖರ್ಚು ಹೆಚ್ಚು ಕಡಿಮೆಯಾದರೆ ರೇಖೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ, ಓಟ ಮಾತ್ರ ಬದಲಾಗುವುದಿಲ್ಲ. ಚೇಣಿದಾರನ ಕೆಲಸ ಈ ರೇಖೆಯನ್ನು ಆದಷ್ಟು ಕೆಳಕ್ಕೆ ಸರಿಸುವುದು, ಆದರೆ 10 ಕ್ವಿಂಟಲಿನ ರೇಖೆಯನ್ನು ಬಿಟ್ಟು ಕೆಳಗಿಳಿಯದಿರುವುದು. ಬರವಣಿಗೆಯಲ್ಲಿ ಇದನ್ನು ಹೀಗೆ ಹಾಕುತ್ತಾರೆ:

min wL + rM, f(L, M) = Q

ಇಲ್ಲಿ L ಆಳುಗಳ ಸಂಖ್ಯೆ, M ಯಂತ್ರದ ಗಂಟೆ, w ಕೂಲಿ, r ಬಾಡಿಗೆ, Q ಮುಗಿಸಬೇಕಾದ ಅಡಿಕೆ.

ಉತ್ತರ ಹುಡುಕಲು ಕಲನಶಾಸ್ತ್ರ ಬೇಕಿಲ್ಲ. ಯಂತ್ರದ ಮುಂದಿನ ಗಂಟೆ ಎಷ್ಟು ಆಳನ್ನು ಉಳಿಸುತ್ತದೆ, ಅದರ ಬೆಲೆ ಎಷ್ಟು ಆಳಿಗೆ ಸಮ ಎಂದು ಹೋಲಿಸುತ್ತ ಹೋದರೆ ಸಾಕು. ಮೊದಲ ಎರಡು ಗಂಟೆಗಳಲ್ಲಿ ಗಂಟೆಗೆ ಮೂರೂವರೆ ಆಳು ಉಳಿಯುತ್ತದೆ, ತೆರುವುದು 1.8 ಆಳಿನ ಬೆಲೆ, ಲಾಭ. ಮುಂದಿನ ಎರಡು ಗಂಟೆ ಎರಡೂವರೆ ಉಳಿಸುತ್ತವೆ, ಈಗಲೂ ಲಾಭ. ಆಮೇಲಿನದು ಒಂದೂವರೆ ಮಾತ್ರ, ಅಲ್ಲಿಗೆ ನಿಲ್ಲಿಸಬೇಕು. 4 ಗಂಟೆ, 8 ಆಳು, ಖರ್ಚು 7,600 ರೂಪಾಯಿ. ಪೂರ್ತಿ ಕೈಕೆಲಸಕ್ಕೆ 10,000 ಬೀಳುತ್ತಿತ್ತು, 2 ಗಂಟೆಗೆ ನಿಲ್ಲಿಸಿದರೆ 8,300, 6 ಗಂಟೆ ಓಡಿಸಿದರೆ 7,900, 8 ಗಂಟೆಗೆ 9,200.

ಪಠ್ಯದ ಚಿತ್ರದಲ್ಲಿ ರೇಖೆ ನುಣುಪಾಗಿರುವುದರಿಂದ ಸ್ಪರ್ಶಬಿಂದುವಿನಲ್ಲಿ ಬದಲಿ ದರವೂ ಬೆಲೆಗಳ ಅನುಪಾತವೂ ಸರಿಸಮವಾಗುತ್ತವೆ. ಚಪ್ಪರದ ರೇಖೆಯಲ್ಲಿ ಮೂಲೆಗಳಿವೆ. ಹಾಗಾಗಿ 1.8 ಎಂಬುದು ಎರಡೂವರೆಗೂ ಒಂದೂವರೆಗೂ ನಡುವೆ ಬಿದ್ದು, ನೇರ ರೇಖೆ ಮೂಲೆಯೊಂದಕ್ಕೆ ಒರಗಿ ನಿಲ್ಲುತ್ತದೆ. ಇದು ಬರೀ ಚಿತ್ರದ ಸೊಗಸಿನ ವಿಚಾರವಲ್ಲ. ಕೂಲಿ ಏರಿದಾಗ ಏನಾಗುತ್ತದೆ ಎಂಬುದು ಇದರ ಮೇಲೆ ನಿಂತಿದೆ.

ಬಾಡಿಗೆ 900ರಲ್ಲೇ ಇರಲಿ, ಕೂಲಿಯನ್ನು ಮಾತ್ರ ಏರಿಸುತ್ತ ಹೋಗೋಣ. ಕೂಲಿ 250 ಇದ್ದಾಗ ಪೂರ್ತಿ ಕೈಕೆಲಸಕ್ಕೆ 5,000, ಎರಡು ಗಂಟೆ ಯಂತ್ರ ಸೇರಿಸಿದರೆ 5,050. ಯಂತ್ರ ಚಪ್ಪರದ ಹತ್ತಿರ ಸುಳಿಯುವುದಿಲ್ಲ. 257 ದಾಟಿದೊಡನೆ 2 ಗಂಟೆಯ ಬಿಂದು ಅಗ್ಗವಾಗುತ್ತದೆ, 360 ದಾಟಿದರೆ 4 ಗಂಟೆಯದು. ಅಲ್ಲಿಂದ 600ರವರೆಗೆ ಕೂಲಿ ಎಷ್ಟೇ ಏರಿದರೂ ಜೋಡಿ ಕದಲುವುದಿಲ್ಲ. 600ರಲ್ಲಿ 4 ಗಂಟೆಗೂ 6 ಗಂಟೆಗೂ ಖರ್ಚು ಸರಿಯಾಗಿ 8,400. ಸಮವೆಚ್ಚ ರೇಖೆ ಸಮೋತ್ಪನ್ನ ರೇಖೆಯ ಒಂದು ತುಂಡಿನ ಮೇಲೆ ಮಲಗಿಬಿಡುತ್ತದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ಉತ್ತರ 6 ಗಂಟೆಗೆ ಜಿಗಿಯುತ್ತದೆ, ಮೂರು ಆಳಿಗೆ ಆ ದಿನ ಕೆಲಸವಿಲ್ಲ.

ಹಳ್ಳಿಯ ಕೂಲಿಯ ಚರ್ಚೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಕೂಲಿ ಏರಿದರೆ ಮಷೀನು ಬಂದೇ ಬರುತ್ತದೆ ಎಂಬುದು ಒಂದು. ಇಷ್ಟು ವರ್ಷ ಏರಿದೆ, ಏನೂ ಆಗಿಲ್ಲ ಎಂಬುದು ಇನ್ನೊಂದು. ಒಂದೇ ರೇಖೆಯ ಬೇರೆ ಬೇರೆ ಕಡೆ ನಿಂತು ನೋಡಿದರೆ ಎರಡೂ ನಿಜ. 360ರಿಂದ 600ರ ಹಾದಿಯಲ್ಲಿದ್ದವನಿಗೆ ಕೂಲಿಗೂ ಯಂತ್ರಕ್ಕೂ ಸಂಬಂಧವೇ ಕಾಣುವುದಿಲ್ಲ. 600ರ ಅಂಚಿನಲ್ಲಿದ್ದವನಿಗೆ ಸಂಬಂಧ ಬಿಟ್ಟು ಬೇರೇನೂ ಕಾಣುವುದಿಲ್ಲ. ತುಮಕೂರಿನ ಆಚೆ ವಸಂತನರಸಾಪುರದ ಕಾರ್ಖಾನೆಗಳು ಹಳ್ಳಿಯ ಹೆಂಗಸರಿಗೆ ಬೇರೆ ದಾರಿ ತೋರಿಸಿದಾಗ ಸುಲಿಯುವ ಕೂಲಿ ಏರುವುದು ಸಹಜ. ಆ ಏರಿಕೆ ಚಪ್ಪರವನ್ನು ಖಾಲಿ ಮಾಡುತ್ತದೆಯೇ ಎಂಬುದು ಚಪ್ಪರ ಯಾವ ಮೂಲೆಯಲ್ಲಿ ಕೂತಿದೆ ಎಂಬುದರ ಮೇಲೆ ಹೋಗುತ್ತದೆ.

ಅರ್ಥಶಾಸ್ತ್ರಜ್ಞರು ಜಗಳವಾಡಿದ್ದೂ ಬಹುಮಟ್ಟಿಗೆ ರೇಖೆಯ ಬಾಗಿನ ಬಗ್ಗೆಯೇ. 1928ರಲ್ಲಿ ಅಮೆರಿಕದ ಚಾರ್ಲ್ಸ್ ಕಾಬ್ ಮತ್ತು ಪಾಲ್ ಡಗ್ಲಾಸ್ ಆ ದೇಶದ ಕೈಗಾರಿಕೆಯ ಅಂಕಿಅಂಶಕ್ಕೆ ಹೊಂದಿಸಿದ ಸೂತ್ರ ಇಂದಿಗೂ ತರಗತಿಗಳಲ್ಲಿ ಮೊದಲು ಬರುತ್ತದೆ. ಅದರ ರೇಖೆ ಪೂರ್ತಿ ನುಣುಪು. ಕೂಲಿ ಏರಿದಷ್ಟೂ ಯಂತ್ರಕ್ಕೆ ಹೋಲಿಸಿದರೆ ಆಳು ಅದೇ ಪ್ರಮಾಣದಲ್ಲಿ ಇಳಿದು, ಒಟ್ಟು ಖರ್ಚಿನಲ್ಲಿ ಕೂಲಿಯ ಪಾಲು ಕದಲದೆ ನಿಲ್ಲುತ್ತದೆ. ವಾಸಿಲಿ ಲಿಯಾಂಟಿಫ್‌ನ ಲೆಕ್ಕ ಇದಕ್ಕೆ ಪೂರಾ ವಿರುದ್ಧ. ಹೂಡುವಳಿಗಳ ಪ್ರಮಾಣ ಕಟ್ಟುನಿಟ್ಟು, ರೇಖೆ ಲಂಬಕೋನದ್ದು, ಬೆಲೆ ಏನೇ ಆದರೂ ಜೋಡಿ ಅದೇ. 1961ರಲ್ಲಿ ಆರೋ, ಚೆನರಿ, ಸೊಲೊ ಇವರೊಂದಿಗೆ ಭಾರತದ ಬಾಗೀಚಾ ಸಿಂಗ್ ಮಿನ್ಹಾಸ್ ಸೇರಿ ಈ ಎರಡರ ನಡುವಿನ ಎಲ್ಲ ಬಾಗುಗಳನ್ನೂ ಒಂದೇ ಸೂತ್ರದಲ್ಲಿ ತಂದರು. ಬದಲಿ ಎಷ್ಟು ಸಲೀಸು ಎಂಬುದನ್ನು ಮೊದಲೇ ನಂಬಿಕೊಳ್ಳದೆ ಅಂಕಿಅಂಶದಿಂದಲೇ ಅಳೆಯಬಹುದಾಯಿತು. ಚಪ್ಪರದ ರೇಖೆ ಕಾಬ್ ಡಗ್ಲಾಸರದೂ ಅಲ್ಲ, ಲಿಯಾಂಟಿಫ್‌ನದೂ ಅಲ್ಲ. ಬೆರಳೆಣಿಕೆಯ ವಿಧಾನಗಳನ್ನು ಬೆರೆಸಿ ಕಟ್ಟಿದ ಮೂಲೆಗಳ ರೇಖೆ. ಸಣ್ಣ ಉದ್ಯಮಗಳಲ್ಲಿ ಸಿಗುವುದು ಹೆಚ್ಚಾಗಿ ಇದೇ.

ಇಲ್ಲಿಯವರೆಗೆ ಬಾಡಿಗೆ 900 ಎಂದು ಯಾರೋ ಹೇಳಿದಂತೆ ಒಪ್ಪಿಕೊಂಡದ್ದಾಯಿತು. ನಿಜವಾದ ತೊಡಕು ಅಲ್ಲಿಯೇ ಇದೆ. ಯಂತ್ರವನ್ನು ಕೊಂಡವನಿಗೆ ಗಂಟೆಯ ಬೆಲೆ ಎಷ್ಟು? ಮೂರು ಲಕ್ಷ ಕೊಟ್ಟು ಕೊಂಡನೆನ್ನಿ. ವರ್ಷಕ್ಕೆ ಬಡ್ಡಿ 30,000, ಹತ್ತು ವರ್ಷ ಬಾಳುತ್ತದೆಂದರೆ ಸವಕಳಿ 30,000, ರಿಪೇರಿ 20,000, ಒಟ್ಟು 80,000. ಕರೆಂಟು ಮತ್ತು ನಡೆಸುವವನ ಕೂಲಿ ಗಂಟೆಗೆ 300. ಸುಗ್ಗಿಯಲ್ಲಿ 400 ಗಂಟೆ ಓಡಿಸುವ ದೊಡ್ಡ ಚೇಣಿದಾರನಿಗೆ ಗಂಟೆಗೆ ಬೀಳುವುದು 500. ಬರೀ ತನ್ನ ತೋಟದ್ದನ್ನು 100 ಗಂಟೆಯಲ್ಲಿ ಮುಗಿಸುವ ರೈತನಿಗೆ 1,100. ಇಬ್ಬರೂ ಕೊಡುವ ಕೂಲಿ ಅದೇ 500, ಕಾಯಿಯೂ ಅದೇ, ಸಮೋತ್ಪನ್ನ ರೇಖೆಯೂ ಅದೇ. ಆದರೆ ಮೊದಲಿನವನಿಗೆ ಅನುಪಾತ 1, ಆತ 6 ಗಂಟೆ ಓಡಿಸಿ 5 ಆಳು ಇಟ್ಟುಕೊಳ್ಳುತ್ತಾನೆ. ಎರಡನೆಯವನಿಗೆ 2.2, ಆತ 4 ಗಂಟೆಗೇ ನಿಲ್ಲಿಸುತ್ತಾನೆ, ಅದಕ್ಕೂ ಬಾಡಿಗೆ ಯಂತ್ರವೇ ಮೇಲು. ಸುಗ್ಗಿಯಲ್ಲಿ ಸುಲಿಯುವ ಯಂತ್ರ ಊರಿಂದೂರಿಗೆ ತಿರುಗುವುದಕ್ಕೆ ಇದು ಕಾರಣ. ಗಂಟೆಗಳು ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ, ಗಂಟೆ ಹೆಚ್ಚಬೇಕಾದರೆ ಹತ್ತು ಚಪ್ಪರ ಬೇಕು.

ಆಳಿನ ಬೆಲೆಯೂ ಇಷ್ಟೇ ಜಾರುವಂಥದ್ದು. ಮನೆಮಂದಿಯೇ ಕೂತು ಸುಲಿದರೆ ಕೈಯಿಂದ ದುಡ್ಡು ಹೋಗುವುದಿಲ್ಲ. ಮುಯ್ಯಾಳು ಬಂದರೆ ತೀರಿಸಬೇಕಾದದ್ದು ಇನ್ನೊಂದು ದಿನದ ದುಡಿಮೆಯಿಂದ. ಹಾಗೆಂದು ಕೂಲಿ ಸೊನ್ನೆ ಎಂದು ಲೆಕ್ಕ ಹಾಕಿದರೆ ಎಂಥ ಯಂತ್ರವೂ ದುಬಾರಿಯೇ. ಹೊರಗಿನ ಪೂರ್ತಿ ಕೂಲಿ ಹಾಕಿದರೆ, ಸುಗ್ಗಿ ಬಿಟ್ಟು ಬೇರೆ ಕೆಲಸ ಸಿಗದ ಮನೆಯ ಅಜ್ಜಿಯ ದುಡಿಮೆಯನ್ನು ಇಲ್ಲದ ಬೆಲೆಗೆ ಏರಿಸಿದಂತೆ. ಆ ದಿನ ಬೇರೆಲ್ಲಿ ಎಷ್ಟು ಸಿಗುತ್ತಿತ್ತು ಎಂಬುದೇ ಸರಿಯಾದ ಬೆಲೆ, ಅದು ಮನೆಯಿಂದ ಮನೆಗೆ ಬೇರೆ. ಭಾರತದಂಥ ದೇಶದಲ್ಲಿ ಯಾವ ಕೂಲಿಯನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು 1960ರಲ್ಲಿ ಅಮರ್ತ್ಯ ಸೇನ್ ತಂತ್ರದ ಆಯ್ಕೆಯ ಬಗ್ಗೆ ಬರೆದ ಪುಸ್ತಕದ ತಿರುಳಿನ ಪ್ರಶ್ನೆಗಳಲ್ಲೊಂದು. ಒಂದೇ ಬೀದಿಯ ಎರಡು ಚಪ್ಪರ ಬೇರೆ ಬೇರೆ ಜೋಡಿಯಲ್ಲಿ ನಡೆಯುತ್ತಿದ್ದರೆ ಒಂದು ತಪ್ಪಿದೆ ಎಂದು ತೀರ್ಮಾನಿಸುವ ಮೊದಲು ಎರಡೂ ಮನೆಯ ಬೆಲೆ ಕೇಳಬೇಕು.

ಕೆಲವೊಮ್ಮೆ ಬೆಲೆ ಗೊತ್ತಿದ್ದರೂ ಉಪಯೋಗವಿಲ್ಲ. ಹಳ್ಳಿಯಲ್ಲಿ ತ್ರೀ ಫೇಸ್ ಕರೆಂಟು ದಿನವಿಡೀ ಇರುವುದಿಲ್ಲ, ಅದರಲ್ಲಿ ಪಂಪ್‌ಸೆಟ್ಟಿಗೂ ಪಾಲು ಹೋಗಬೇಕು. ಚಪ್ಪರಕ್ಕೆ ದಿನಕ್ಕೆ 3 ಗಂಟೆ ಮಾತ್ರ ಸಿಕ್ಕಿತೆನ್ನಿ. 2 ಮತ್ತು 4 ಗಂಟೆಯ ಬಿಂದುಗಳ ನಡುಮಧ್ಯೆ ನಿಂತು ಹತ್ತೂವರೆ ಆಳು ಬೇಕು, ಅಂದರೆ ಹತ್ತು ಜನ ಪೂರ್ತಿ ದಿನ, ಒಬ್ಬರು ಅರ್ಧ ದಿನ. ಖರ್ಚು 7,950, ಬೇಕಾದುದಕ್ಕಿಂತ 350 ಹೆಚ್ಚು. ಆ ಇಲ್ಲದ ನಾಲ್ಕನೆಯ ಗಂಟೆಯ ಬೆಲೆ ಈಗ ಹೊರಬೀಳುತ್ತದೆ. ಆ ಒಂದು ಗಂಟೆ ಎರಡೂವರೆ ಆಳನ್ನು, ಎಂದರೆ 1,250 ರೂಪಾಯಿಯನ್ನು ಉಳಿಸುತ್ತಿತ್ತು. ಡೀಸೆಲ್ ಜನರೇಟರ್ ಹಚ್ಚಿ ಯಂತ್ರ ಓಡಿಸಲು ಗಂಟೆಗೆ ಎಲ್ಲ ಸೇರಿ 1,250ಕ್ಕಿಂತ ಕಡಿಮೆ ಬಿದ್ದರೆ ಹಚ್ಚಬೇಕು, ಹೆಚ್ಚಾದರೆ ಇನ್ನೂ ಎರಡೂವರೆ ಆಳಿಗೆ ಹೇಳಿಕಳಿಸಬೇಕು. ಲಾಗ್ರಾಂಜ್ ಗುಣಕ ಎಂದು ತರಗತಿಯಲ್ಲಿ ಹೆದರಿಸುವ ಗ್ರೀಕ್ ಅಕ್ಷರದ ಕೆಲಸ ಇಷ್ಟೇ, ನಿರ್ಬಂಧವನ್ನು ಒಂದು ಅಂಗುಲ ಸಡಿಲಿಸಿದರೆ ಎಷ್ಟು ರೂಪಾಯಿ ಉಳಿಯುತ್ತದೆ ಎಂದು ಹೇಳುವುದು.

ಈ ಚಿತ್ರ ಎಲ್ಲಿ ಮೋಸ ಮಾಡುತ್ತದೆ? ರೇಖೆಯ ಮೇಲೆ ಎಲ್ಲಿ ನಿಂತರೂ ಉತ್ಪನ್ನ ಅದೇ ಎಂಬ ಮಾತಿನಲ್ಲಿ. ತೂಕ ಅದೇ ಇರಬಹುದು, ಅಡಿಕೆ ಅದೇ ಇರಬೇಕೆಂದಿಲ್ಲ. 10 ಕ್ವಿಂಟಲ್ ಹಸಿ ಅಡಿಕೆಯಿಂದ ಸುಮಾರು 130 ಕೆಜಿ ಒಣ ಅಡಿಕೆ ಇಳಿಯುತ್ತದೆ. ಕೂಲಿ 700 ಆದಾಗ 4 ಗಂಟೆಯ ಜೋಡಿಗೆ 9,200, 6 ಗಂಟೆಯದಕ್ಕೆ 8,900. ಯಂತ್ರವನ್ನು ಹೆಚ್ಚು ಓಡಿಸಿದ್ದರಿಂದ ಉಳಿದದ್ದು 300. ಹೊಂದದ ಕಾಯಿಯನ್ನೂ ಯಂತ್ರಕ್ಕೆ ಹಾಕಿದ್ದರಿಂದ 3 ಕೆಜಿ ಅಡಿಕೆ ಹೆಚ್ಚು ಒಡೆದು, ಅದಕ್ಕೆ ಕೆಜಿಗೆ 100 ರೂಪಾಯಿ ಕಡಿಮೆ ಸಿಕ್ಕರೆ ಆ 300 ಮಂಡಿಯಲ್ಲೇ ಕರಗಿತು. ವೆಚ್ಚದ ಪುಸ್ತಕದಲ್ಲಿ ಉಳಿತಾಯ ಕಾಣುತ್ತದೆ, ಮಾರಿದ ಚೀಟಿಯಲ್ಲಿ ನಷ್ಟ ಕಾಣುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದವನಿಗೆ ಎರಡರ ನಂಟು ತಿಳಿಯುವುದೇ ಇಲ್ಲ. ಯಂತ್ರದಿಂದ ಬಂದದ್ದನ್ನೂ ಕೈಯಲ್ಲಿ ಸುಲಿದದ್ದನ್ನೂ ಒಂದು ವಾರ ಬೇರೆ ಬೇರೆ ಬೇಯಿಸಿ, ಬೇರೆ ಬೇರೆ ಚೀಲಕ್ಕೆ ತುಂಬಿದರೆ ಸಾಕು, ವ್ಯತ್ಯಾಸ ಎಷ್ಟೆಂದು ಗೊತ್ತಾಗುತ್ತದೆ.

ಕುಣಿಗಲ್ ಕಡೆ ರಾಗಿಯಲ್ಲಿ ಇದೇ ಮೋಸಕ್ಕೆ ಇನ್ನೊಂದು ಮುಖವಿದೆ. ಕೊಯ್ಲಿನ ಯಂತ್ರ ಹೊಲಕ್ಕಿಳಿದರೆ ಕುಡುಗೋಲು, ಮೆದೆ, ಕಣ ಎಲ್ಲವೂ ಒಂದೇ ಏಟಿಗೆ ಮುಗಿಯುತ್ತವೆ. ಕಾಳಿನ ಲೆಕ್ಕದಲ್ಲಿ ಅದು ಗೆದ್ದಂತೆ. ಆದರೆ ಯಂತ್ರ ಬಿಟ್ಟುಹೋಗುವ ಹುಲ್ಲು ಮುರಿದು ಪುಡಿಯಾಗಿರುತ್ತದೆ, ಕೂಳೆಯಲ್ಲೂ ಒಂದಿಷ್ಟು ನಿಂತುಬಿಡುತ್ತದೆ. ಹಸು ಕಟ್ಟಿದ ಮನೆಗೆ ರಾಗಿ ಹುಲ್ಲು ಬೇಸಗೆಯ ಬುತ್ತಿ. ಕುಡುಗೋಲಿನ ಬಿಂದುವೂ ಯಂತ್ರದ ಬಿಂದುವೂ ಒಂದೇ ಸಮೋತ್ಪನ್ನ ರೇಖೆಯ ಮೇಲಿವೆ ಎನ್ನಬೇಕಾದರೆ ಹುಲ್ಲಿನ ಬೆಲೆಯನ್ನು ಯಂತ್ರದ ಬಾಡಿಗೆಗೆ ಸೇರಿಸಬೇಕು. ಹಸುವಿಲ್ಲದವನು ಯಂತ್ರ ಕರೆಸುತ್ತಾನೆ, ಹಸುವಿರುವ ಪಕ್ಕದ ಮನೆಯವನು ಇನ್ನೂ ಆಳು ಹುಡುಕುತ್ತಿರುತ್ತಾನೆ. ಇಬ್ಬರ ಲೆಕ್ಕವೂ ಸರಿ.

ಅಲ್ಲಿಯೇ ಇನ್ನೊಂದು ವಿಚಿತ್ರವೂ ಕಾಣಸಿಗುತ್ತದೆ. ಸುಗ್ಗಿಯಲ್ಲಿ ರಾಗಿಯ ತೆನೆಯನ್ನು ಟಾರು ರಸ್ತೆಗೆ ಹರವಿ, ಓಡಾಡುವ ಬಸ್ಸು ಲಾರಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವುದು ಈ ಸೀಮೆಯಲ್ಲಿ ಹಳೆಯ ರೂಢಿ. ರೋಣಗಲ್ಲು, ಎತ್ತು, ಟ್ರ್ಯಾಕ್ಟರ್ ಇವಕ್ಕೆಲ್ಲ ಬೆಲೆಯಿದೆ. ದಾರಿಹೋಕನ ಚಕ್ರಕ್ಕೆ ಬೆಲೆಯಿಲ್ಲ. ಒಂದು ಹೂಡುವಳಿಯ ಬೆಲೆ ಸೊನ್ನೆಯಾದರೆ ಸಮವೆಚ್ಚ ರೇಖೆ ಆ ಹೂಡುವಳಿಯ ಅಕ್ಷಕ್ಕೆ ಸಮಾನಾಂತರವಾಗಿ ಮಲಗುತ್ತದೆ, ಆ ಹೂಡುವಳಿಯಿಂದ ಏನೂ ಸಿಗದಾಗುವವರೆಗೂ ಅದನ್ನು ಬಳಸುವುದೇ ಲೆಕ್ಕದ ಉತ್ತರ. ರೈತನ ಮಟ್ಟಿಗೆ ಇದು ಸರಿಯಾದ ಕನಿಷ್ಠ ವೆಚ್ಚ. ಹುಲ್ಲಿನ ಮೇಲೆ ಜಾರಿ ಬೀಳುವ ಬೈಕ್ ಸವಾರನ ಖರ್ಚು ಅವನ ಸಮೀಕರಣದಲ್ಲಿಲ್ಲ, ಅಷ್ಟೇ. ಪೊಲೀಸರ ಎಚ್ಚರಿಕೆ, ದಂಡದ ಭಯ ಇವೆಲ್ಲ ಆ ಸೊನ್ನೆ ಬೆಲೆಯನ್ನು ಮೇಲೆತ್ತುವ ಪ್ರಯತ್ನಗಳು. ಕಾಳಿಗೆ ಸೇರುವ ಮಣ್ಣು ಕಲ್ಲು ಮಾತ್ರ ಆ ಬೆಲೆಯನ್ನು ಯಾರ ಎಚ್ಚರಿಕೆಯೂ ಇಲ್ಲದೆ ಎತ್ತುತ್ತದೆ.

ಮತ್ತೆ ಚಪ್ಪರಕ್ಕೆ. ಖರ್ಚು ಹೆಚ್ಚಾಗುತ್ತಿದೆ ಎಂದು ಚೇಣಿದಾರನಿಗೆ ಅನುಮಾನ ಬಂದರೆ ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಕೇಂಬ್ರಿಡ್ಜಿನ ಮೈಕೆಲ್ ಫ್ಯಾರೆಲ್ 1957ರ ಒಂದು ಲೇಖನದಲ್ಲಿ ಇದೇ ಎರಡು ರೇಖೆಗಳಿಂದ ದಾರಿ ತೋರಿಸಿದ. ಖರ್ಚು ಹೆಚ್ಚಾಗಲು ಎರಡು ಬೇರೆ ಕಾರಣಗಳಿವೆ, ಅವನ್ನು ಕಲಸಬಾರದು ಎಂಬುದು ಅವನ ಮಾತಿನ ಸಾರ. ಒಂದು ಚಪ್ಪರ 5 ಗಂಟೆ ಯಂತ್ರ, 10 ಆಳು ಬಳಸಿ ಅದೇ 10 ಕ್ವಿಂಟಲ್ ಸುಲಿಯುತ್ತಿದೆ ಎನ್ನಿ. ಮೊದಲಿನ ಕೂಲಿ ಬಾಡಿಗೆಯಲ್ಲಿ ಖರ್ಚು 9,500. ಗಂಟೆಗೂ ಆಳಿಗೂ ಇರುವ ಪ್ರಮಾಣ 1:2, ಅದು 4 ಗಂಟೆ 8 ಆಳಿನ ಪ್ರಮಾಣವೇ. ಜೋಡಿ ಸರಿಯಿದೆ, ಆದರೆ ಎರಡೂ ಹೂಡುವಳಿ ಬೇಕಾದುದಕ್ಕಿಂತ ಹೆಚ್ಚು ಹೋಗುತ್ತಿವೆ. ನಾಲ್ಕರಲ್ಲಿ ಆಗುವುದಕ್ಕೆ ಐದು ಹೋಗುತ್ತಿರುವುದರಿಂದ ತಾಂತ್ರಿಕ ದಕ್ಷತೆ ಶೇ. 80. ಮೊಂಡು ಬ್ಲೇಡು, ಗಾತ್ರ ಆರಿಸದೆ ಸುರಿದ ಕಾಯಿ, ಗೊನೆ ಬರುವವರೆಗೆ ಸುಮ್ಮನೆ ಕೂತ ಆಳು, ಇಂಥ ಕಡೆ ಹುಡುಕಬೇಕು. ಕೂಲಿ ಇಳಿಸಿ ಎಂದು ಜಗಳವಾಡಿ ಪ್ರಯೋಜನವಿಲ್ಲ.

ಇನ್ನೊಂದು ಚಪ್ಪರದ್ದು 6 ಗಂಟೆ, 5 ಆಳು, ಖರ್ಚು 7,900. ಇದು ರೇಖೆಯ ಮೇಲೆಯೇ ಇದೆ, ಒಂದು ನಿಮಿಷವೂ ಪೋಲಾಗಿಲ್ಲ. ಆದರೂ 300 ರೂಪಾಯಿ ಹೆಚ್ಚು, ಏಕೆಂದರೆ ಈ ಬೆಲೆಗಳಿಗೆ ಇದು ಹೊಂದುವ ಜಾಗವಲ್ಲ. 7,600ನ್ನು 7,900ರಿಂದ ಭಾಗಿಸಿದರೆ ಶೇ. 96, ಇದು ಹಂಚಿಕೆಯ ದಕ್ಷತೆ. ಇಲ್ಲಿ ಬ್ಲೇಡು ಮಸೆದರೆ ಏನೂ ಆಗುವುದಿಲ್ಲ, ಎರಡು ಗಂಟೆ ಕಡಿಮೆ ಮಾಡಿ ಮೂರು ಆಳು ಸೇರಿಸಬೇಕು. ಎರಡು ರೋಗಕ್ಕೂ ಲಕ್ಷಣ ಒಂದೇ, ಖರ್ಚು ಹೆಚ್ಚು, ಔಷಧ ಬೇರೆ. ಈ ಲೆಕ್ಕದಲ್ಲಿ ದೊಡ್ಡ ನಷ್ಟ ಮೊದಲನೆಯದರಿಂದ. ಮೂಲೆಗಳ ರೇಖೆಯಲ್ಲಿ ಒಂದು ಮೂಲೆ ಆಚೀಚೆಯಾದರೆ ಹೋಗುವುದು ಶೇ. 4ರಿಂದ 8, ಚಪ್ಪರ ಸಡಿಲವಾಗಿ ನಡೆದರೆ ಶೇ. 20. ಎಷ್ಟು ಆಳು, ಎಷ್ಟು ಯಂತ್ರ ಎಂದು ತಲೆ ಕೆಡಿಸಿಕೊಳ್ಳುವವರು ಈ ಹೋಲಿಕೆಯನ್ನು ಮೊದಲು ಮಾಡುವುದು ಒಳ್ಳೆಯದು.

ಫ್ಯಾರೆಲ್‌ನ ಅಳತೆಗೆ ಒಂದು ಮಿತಿಯಿದೆ. ರೇಖೆಯನ್ನು ಎಳೆಯುವುದು ಅಕ್ಕಪಕ್ಕದ ಅತ್ಯುತ್ತಮ ಚಪ್ಪರಗಳನ್ನು ನೋಡಿ. ಅವರೆಲ್ಲರ ರೇಖೆಯೇ ಹಳತಾಗಿದ್ದರೆ ಅಳತೆ ಅದನ್ನು ಹೇಳುವುದಿಲ್ಲ. ತುಮಕೂರು ನಗರದವರಿಗೆ ಇದರ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿದ ಎಚ್‌ಎಂಟಿ, 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಕೀಲಿ ಕೊಡುವ ಗಡಿಯಾರದ ಒಳಗೆ ಹಲ್ಲುಚಕ್ರ, ಸ್ಪ್ರಿಂಗು, ಹರಳು ಸೇರಿ ನೂರಕ್ಕೂ ಹೆಚ್ಚು ಸಣ್ಣ ಭಾಗಗಳಿರುತ್ತವೆ, ಜೋಡಿಸಲು ನುರಿತ ಕೈ ಬೇಕು. ಆ ಕೆಲಸದ ರೇಖೆಯ ಮೇಲೆ ಅಂದಿನ ಕೂಲಿಗೆ, ಅಂದಿನ ಯಂತ್ರದ ಬೆಲೆಗೆ ಸರಿಯಾದ ಬಿಂದುವನ್ನು ಹುಡುಕಬಹುದಿತ್ತು. ಅಷ್ಟರಲ್ಲಿ ಬೇರೆ ರೇಖೆಯೇ ಬಂತು. ಕ್ವಾರ್ಟ್ಜ್ ಗಡಿಯಾರದಲ್ಲಿ ಬ್ಯಾಟರಿ, ಹರಳು, ಒಂದು ಚಿಪ್, ಕೆಲವೇ ಚಲಿಸುವ ಭಾಗ. ಅದೇ ಒಂದು ಗಡಿಯಾರಕ್ಕೆ ಆಳೂ ಕಡಿಮೆ, ಯಂತ್ರದ ಹೊತ್ತೂ ಕಡಿಮೆ. ಹೊಸ ಸಮೋತ್ಪನ್ನ ರೇಖೆ ಹಳೆಯದರ ಪೂರಾ ಕೆಳಗೆ ಬಿದ್ದಿತ್ತು. ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ ಕಟ್ಟಿದ ಟೈಟನ್, ಗಡಿಯಾಚೆಯ ಹೊಸೂರಿನಲ್ಲಿ 1980ರ ದಶಕದಲ್ಲಿ ಕ್ವಾರ್ಟ್ಜ್ ಮೇಲೆಯೇ ಶುರುವಾಯಿತು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಆದರೆ ಭಾರ ಹಾಕಿದ್ದು ಕೀಲಿ ಗಡಿಯಾರದ ಮೇಲೆ.

ಹಳೆಯ ರೇಖೆಯ ಮೇಲೆ ಆಚೀಚೆ ಸರಿಯಲೂ ಎಚ್‌ಎಂಟಿಗೆ ಸಲೀಸಿರಲಿಲ್ಲ. ಚೇಣಿದಾರ ನಾಳೆಯಿಂದ ಮೂರು ಆಳು ಬೇಡ ಎನ್ನಬಲ್ಲ. ಸರ್ಕಾರಿ ಕಾರ್ಖಾನೆಯಲ್ಲಿ ಕಾಯಂ ನೌಕರರ ಸಂಖ್ಯೆ ವರ್ಷಗಟ್ಟಲೆ ಕದಲದ ಹೂಡುವಳಿ, ಅದನ್ನು ಇಳಿಸಲು ಇದ್ದ ದಾರಿ ಸ್ವಯಂ ನಿವೃತ್ತಿಯ ಯೋಜನೆ. ಎರಡು ಅಕ್ಷದಲ್ಲಿ ಒಂದು ಹೆಪ್ಪುಗಟ್ಟಿದರೆ ಬದಲಿ ದರ, ಬೆಲೆಯ ಅನುಪಾತ ಎಲ್ಲವೂ ಕಾಗದದ ಮೇಲೆ ಉಳಿಯುತ್ತವೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು, ಮುಂದೆ ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಒಂದು ಕಾರ್ಖಾನೆ ಹೋದರೆ ಇನ್ನೊಂದು ಬಂತು, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಸುತ್ತಲಿನ ತೋಟಗಳಲ್ಲಿ ಅಡಿಕೆ ಸುಲಿಯುವ ಕೆಲಸ ಸುಗ್ಗಿಯಿಂದ ಸುಗ್ಗಿಗೆ ನಡೆದೇ ಇದೆ, ಈಗ ಯಂತ್ರದ ಹೊಸ ಮಾದರಿಗಳು ಕಾಯಿಯನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಮಾಡಿ ಬೇರೆ ಬೇರೆ ಬ್ಲೇಡಿಗೆ ಕಳಿಸುತ್ತವೆ. ಅಂಥದ್ದು ಚಪ್ಪರಕ್ಕೆ ಬಂದ ದಿನ ಹಳೆಯ ಐದು ಜೋಡಿಗಳನ್ನು ಅಳಿಸಿ, ಎಷ್ಟು ಗಂಟೆಗೆ ಎಷ್ಟು ಆಳು ಎಂದು ಮೊದಲಿನಿಂದ ಬರೆಯಬೇಕಾಗುತ್ತದೆ.